ಫೈನಲ್ ಇಯರ್ ಮಕ್ಕಳಿಗೆ ಮಾಕ್ ಇಂಟರ್‌ವ್ಯೂ: ಕೊಡಗಿನ ಕಾಲೇಜಿನಲ್ಲಿ ಒಂದು ಶನಿವಾರ ನಡೆಸುವ ಬಗೆ

ಈ ಬರಹ ಕೊಡಗಿನ ಪದವಿ ಕಾಲೇಜುಗಳಲ್ಲಿ ತರಬೇತಿ ಕೋಶ ನೋಡಿಕೊಳ್ಳುವವರಿಗೆ. ಕೊನೇ ವರ್ಷದ ವಿದ್ಯಾರ್ಥಿಗಳೂ ಓದಬಹುದು. ಅವರು ಹೇಗೆ ತಯಾರಾಗಬೇಕು ಎಂಬುದು ರೆಸ್ಯೂಮೆಯ ಭಾಗದಿಂದ ಶುರುವಾಗುತ್ತದೆ.

ನಮ್ಮ ಮಕ್ಕಳಿಗೆ ಆಗುವುದು ಸಾಮಾನ್ಯವಾಗಿ ಹೀಗೆ. ಕಂಪನಿಯ ಇಂಟರ್‌ವ್ಯೂ ಮೈಸೂರಿನಲ್ಲೋ ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಇರುತ್ತದೆ. ಜಿಲ್ಲೆಗೆ ರೈಲಿಲ್ಲ, ಬೆಳಗಿನ ಮೊದಲ ಬಸ್ಸು ಹಿಡಿದು ಹೊರಡಬೇಕು. ಅಲ್ಲಿ ಗುರುತು ಪರಿಚಯ ಇಲ್ಲದ ಒಬ್ಬರು ಎದುರು ಕೂತು ಒಂದೇ ಸಮನೆ ಪ್ರಶ್ನೆ ಕೇಳುತ್ತಾರೆ. ಎಷ್ಟೋ ಮಕ್ಕಳಿಗೆ ಅದು ಜೀವನದಲ್ಲಿ ಮೊದಲ ಸಲ. ಸಂಜೆ ವಾಪಸ್ ಬರುತ್ತಾರೆ. ವಾರ ಕಳೆದರೂ ಫೋನ್ ಬರುವುದಿಲ್ಲ. ಯಾಕೆ ಬರಲಿಲ್ಲ ಅಂತ ಯಾರೂ ಹೇಳುವುದಿಲ್ಲ.

ಆ ಕಾರಣವನ್ನು ಮೊದಲೇ ತಿಳಿಸುವುದಕ್ಕೇ ಮಾಕ್ ಇಂಟರ್‌ವ್ಯೂ ಇರುವುದು. ಹಾಗಾಗಿ ಇಡೀ ಏರ್ಪಾಡಿನಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಪ್ರಶ್ನೆಗಳು ಮುಗಿದ ಮೇಲಿನ ಹತ್ತು ನಿಮಿಷಕ್ಕೆ. ದಿನ ಯಾವುದು, ಯಾರನ್ನು ಕರೆಯುವುದು, ಸ್ಲಾಟ್ ಎಷ್ಟು ಉದ್ದ, ಕೋಣೆಯ ಹೊರಗೆ ಯಾರು ನಿಲ್ಲಬೇಕು, ಎಲ್ಲವನ್ನೂ ಆ ಹತ್ತು ನಿಮಿಷ ಉಳಿಯುವ ಹಾಗೆ ಜೋಡಿಸಬೇಕು.

ಮೊದಲು ದಿನ

ಜೂನ್‌ನಿಂದ ಆಗಸ್ಟ್‌ವರೆಗೆ ಬೇಡ. ಮಳೆಗೆ ಮರ ಬಿದ್ದು ರಸ್ತೆ ಮುಚ್ಚುತ್ತದೆ, ಕರೆಂಟ್ ಹೋಗುತ್ತದೆ, ಹಿಂದಿನ ಸಂಜೆ ಜಿಲ್ಲಾಧಿಕಾರಿ ರಜೆ ಘೋಷಿಸುತ್ತಾರೆ. ಡಿಸೆಂಬರ್ ಬಂತೆಂದರೆ ಕಾಫಿ ಕುಯ್ಲು. ತೋಟ ಇರುವ ಮನೆಯ ಮಕ್ಕಳೂ ಸಿಗುವುದಿಲ್ಲ, ತೋಟ ಇರುವ ಸ್ವಯಂಸೇವಕರೂ ಸಿಗುವುದಿಲ್ಲ. ನಡುವೆ ಉಳಿಯುವುದು ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗಿನ ಕಾಲ. ಐದನೇ ಸೆಮಿಸ್ಟರ್‌ನ ಪಾಠ ನಡೆಯುವಾಗಲೇ ಮೊದಲ ಸುತ್ತು ಮುಗಿಸಿಬಿಡಿ. ಎರಡನೇ ಸುತ್ತಿಗೆ ಕುಯ್ಲು ಮುಗಿದ ಮೇಲಿನ ಮಾರ್ಚ್ ಸರಿ.

ಈ ಕಾಲದಲ್ಲಿ ಇನ್ನೊಂದು ಅನುಕೂಲ ಇದೆ. ಅಕ್ಟೋಬರ್ ನಡುವೆ ತುಲಾ ಸಂಕ್ರಮಣಕ್ಕೆ, ಆಮೇಲೆ ಪುತ್ತರಿಗೆ, ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮವರು ಊರಿಗೆ ಬರುತ್ತಾರೆ. ಹಬ್ಬದ ದಿನ ಕರೆಯಬಾರದು. ಹಬ್ಬಕ್ಕೆ ಅಂಟಿಕೊಂಡ ಶನಿವಾರ ಕೇಳಿದರೆ ಅರ್ಧ ದಿನ ಕೊಡುವವರು ಸಿಗುತ್ತಾರೆ.

ಬ್ಯಾಂಕಿನವರು ಬೇಕಿದ್ದರೆ ಎರಡನೇ ಅಥವಾ ನಾಲ್ಕನೇ ಶನಿವಾರವೇ ಇಡಿ, ಅವತ್ತು ಬ್ಯಾಂಕಿಗೆ ರಜೆ. ಆದರೆ ಕಾಲೇಜಿಗೂ ರಜೆ ಇದ್ದರೆ ಕೋಣೆಗಳ ಬೀಗ, ಲ್ಯಾಬ್, ಜನರೇಟರ್ ಇವಕ್ಕೆಲ್ಲ ಪ್ರಿನ್ಸಿಪಾಲರ ಒಪ್ಪಿಗೆ ಮೊದಲೇ ಬರಹದಲ್ಲಿ ಇರಲಿ. ರೆಸಾರ್ಟ್, ಹೋಟೆಲಿನವರ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. ಶನಿವಾರ, ಭಾನುವಾರ ಕೊಡಗು ಪ್ರವಾಸಿಗರಿಂದ ತುಂಬಿರುತ್ತದೆ, ಅವರು ಹೊರಗೆ ಕಾಲಿಡುವ ಹಾಗಿಲ್ಲ. ಅವರನ್ನು ಮಂಗಳವಾರವೋ ಬುಧವಾರವೋ ಮಧ್ಯಾಹ್ನ ಎರಡು ಗಂಟೆ ಹೊತ್ತು ಕರೆಯಿರಿ. ಆ ಕೆಲಸಕ್ಕೆ ಹೋಗಬೇಕೆಂದಿರುವ ನಾಲ್ಕು ಜನರನ್ನು ಮಾತ್ರ ಅವರ ಮುಂದೆ ಕೂರಿಸಿ. ಎಲ್ಲರನ್ನೂ ಒಂದೇ ದಿನಕ್ಕೆ ತುಂಬಿಸಬೇಕು ಎಂಬ ಹಟ ಬೇಡ.

ಸ್ವಯಂಸೇವಕರಿಗೆ ಏನು ಹೇಳಬೇಕು

ಹಳೇ ವಿದ್ಯಾರ್ಥಿಗಳು, ಬ್ಯಾಂಕಿನವರು, ಚಾರ್ಟರ್ಡ್ ಅಕೌಂಟೆಂಟ್ ಆಫೀಸಿನವರು, ಕುಶಾಲನಗರದ ಕಡೆಯ ಕಾಫಿ ಕ್ಯೂರಿಂಗ್ ಘಟಕಗಳಲ್ಲಿ ಇರುವವರು, ನಿವೃತ್ತ ಸೈನ್ಯಾಧಿಕಾರಿಗಳು, ಬೆಂಗಳೂರಿನ ಸಾಫ್ಟ್‌ವೇರ್ ಕೆಲಸದವರು. ನಮ್ಮ ಜಿಲ್ಲೆಯಲ್ಲಿ ಹುಡುಕಿದರೆ ಜನಕ್ಕೆ ಬರವಿಲ್ಲ. ಬರ ಇರುವುದು ಸರಿಯಾಗಿ ಕೇಳುವುದಕ್ಕೆ. ‘ನಮ್ಮ ಮಕ್ಕಳಿಗೆ ಸ್ವಲ್ಪ ಮಾರ್ಗದರ್ಶನ ಮಾಡಿ ಸರ್’ ಎಂದು ಕರೆದರೆ ಅವರು ಭಾಷಣ ತಯಾರಿಸಿಕೊಂಡು ಬರುತ್ತಾರೆ. ಅದು ಅವರ ತಪ್ಪಲ್ಲ, ನಾವು ಕೇಳಿದ್ದೇ ಹಾಗೆ.

ಕೇಳುವಾಗ ಕೆಲಸ ಏನೆಂದು ಬಿಡಿಸಿ ಹೇಳಿ. ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಎಷ್ಟು ಮಕ್ಕಳು, ಅವರ ರೆಸ್ಯೂಮೆ ಯಾವತ್ತು ಕೈಗೆ ಸೇರುತ್ತದೆ, ಊಟ ಎಲ್ಲಿ, ಗಾಡಿ ಬೇಕಾ. ಇಷ್ಟಿದ್ದರೆ ಬಿಡುವಿಲ್ಲದವರೂ ಒಪ್ಪುತ್ತಾರೆ, ಯಾಕೆಂದರೆ ಎಷ್ಟು ಹೊತ್ತಿಗೆ ಮನೆಗೆ ಹೋಗಬಹುದು ಅಂತ ಗೊತ್ತಾಗುತ್ತದೆ. ಮೂರು ವಾರ ಮುಂಚೆ ಕೇಳಿ, ಒಂದು ವಾರ ಮುಂಚೆ ರೆಸ್ಯೂಮೆ ಕಳಿಸಿ, ಹಿಂದಿನ ದಿನ ಫೋನ್ ಮಾಡಿ. ಹಿಂದಿನ ದಿನದ ಫೋನ್ ಬಿಡಲೇಬೇಡಿ. ವಾಟ್ಸಾಪಿನಲ್ಲಿ ನೀಲಿ ಟಿಕ್ ಬಿದ್ದ ಮಾತ್ರಕ್ಕೆ ಬರುತ್ತಾರೆ ಎಂದಲ್ಲ.

ರೆಸ್ಯೂಮೆ ಜೊತೆಗೆ ಒಂದು ಪುಟದ ಸೂಚನೆ ಕಳಿಸಬೇಕು. ಅದರಲ್ಲಿ ಮೂರು ಮಾತು ಸಾಕು. ಒಂದು, ಹದಿನೈದು ನಿಮಿಷ ನಿಜವಾದ ಇಂಟರ್‌ವ್ಯೂ ಹಾಗೇ ನಡೆಸಿ, ಮಧ್ಯೆ ತಿದ್ದಬೇಡಿ. ಎರಡು, ಪುಸ್ತಕದ ವ್ಯಾಖ್ಯೆ ಕೇಳಬೇಡಿ. ರೆಸ್ಯೂಮೆಯಲ್ಲಿ ಬರೆದಿರುವ ಒಂದು ಸಂಗತಿ ಹಿಡಿದುಕೊಂಡು ಅದರ ಆಳಕ್ಕೆ ಹೋಗುವ ಮೂರು ಪ್ರಶ್ನೆ ಕೇಳಿ. ಮೂರು, ಮದುವೆ, ಜಾತಿ, ಮನೆತನ, ಅಪ್ಪನ ತೋಟ ಎಷ್ಟು ಎಕರೆ, ಇವು ಬೇಡ. ಕೊನೆಯದನ್ನು ಬರೆಯುವುದಕ್ಕೆ ಮುಜುಗರ ಪಡಬೇಡಿ. ಸಣ್ಣ ಜಿಲ್ಲೆ ನಮ್ಮದು. ಹೆಸರು ನೋಡಿದ ಕೂಡಲೇ ‘ನೀನು ಯಾರ ಮನೆಯವಳು?’ ಅಂತ ಪ್ರೀತಿಯಿಂದಲೇ ಕೇಳುತ್ತಾರೆ. ಪ್ರೀತಿಯಿಂದ ಕೇಳಿದರೂ ಅಲ್ಲಿಗೆ ಇಂಟರ್‌ವ್ಯೂ ಮುಗಿದು ನೆಂಟರ ಮಾತು ಶುರುವಾಗುತ್ತದೆ. ಆ ಹುಡುಗಿಗೆ ಬೇಕಿದ್ದ ಅನುಭವ ಸಿಗುವುದಿಲ್ಲ. ಆದ್ದರಿಂದ ಸ್ಲಾಟ್ ಹಂಚುವಾಗಲೇ ಒಂದು ಸಲ ನೋಡಿಕೊಳ್ಳಿ. ಗುರುತಿನವರು, ಒಂದೇ ಊರಿನವರು ಎದುರೆದುರು ಬಾರದಿದ್ದರೆ ಒಳ್ಳೆಯದು.

ಮಕ್ಕಳ ಫೋನ್ ನಂಬರನ್ನು ಸ್ವಯಂಸೇವಕರಿಗೆ ಕೊಡಬೇಡಿ. ಕಳಿಸುವ ರೆಸ್ಯೂಮೆಯಲ್ಲಿ ನಂಬರ್, ವಿಳಾಸ ತೆಗೆದುಬಿಡಿ. ಮುಂದೆ ಕೆಲಸದ ಮಾತು ಬಂದರೆ ತರಬೇತಿ ಕೋಶದ ಮೂಲಕವೇ ಬರಲಿ. ಕೋಣೆಯ ಬಾಗಿಲು ತೆರೆದೇ ಇರಲಿ.

ಸ್ಲಾಟಿನ ಲೆಕ್ಕ

ಒಂದು ಸ್ಲಾಟ್ ಅಂದರೆ ಅರ್ಧ ಗಂಟೆ. ಅದರಲ್ಲಿ 15 ನಿಮಿಷ ಇಂಟರ್‌ವ್ಯೂ, 10 ನಿಮಿಷ ಫೀಡ್‌ಬ್ಯಾಕ್, 5 ನಿಮಿಷ ಹಾಳೆ ತುಂಬಿ ಮುಂದಿನವರ ರೆಸ್ಯೂಮೆ ನೋಡುವುದಕ್ಕೆ. ಹದಿನೈದು ನಿಮಿಷದ ಸ್ಲಾಟ್ ಮಾಡಿದರೆ ಎರಡರಷ್ಟು ಮಕ್ಕಳು ಮುಗಿಯುತ್ತಾರಲ್ವಾ ಅಂತ ಅನ್ನಿಸುತ್ತದೆ. ಮುಗಿಯುತ್ತಾರೆ, ಆದರೆ ‘ಚೆನ್ನಾಗಿತ್ತು, ಕಾನ್ಫಿಡೆನ್ಸ್ ಜಾಸ್ತಿ ಮಾಡಿಕೊಳ್ಳಮ್ಮ’ ಎಂಬ ಒಂದೇ ಮಾತು ತೆಗೆದುಕೊಂಡು ಹೋಗುತ್ತಾರೆ. ಆ ಮಾತಿನಿಂದ ಮಾರನೇ ದಿನ ಮಾಡುವುದಕ್ಕೆ ಏನೂ ಇರುವುದಿಲ್ಲ.

ನಾಲ್ಕು ಸ್ವಯಂಸೇವಕರು, ನಾಲ್ಕು ಕೋಣೆ ಎಂದಿಟ್ಟುಕೊಳ್ಳೋಣ. ಬೆಳಿಗ್ಗೆ 10ಕ್ಕೆ ಶುರು. 11.30ರ ಒಳಗೆ ಮೂರು ಸ್ಲಾಟ್. ಕಾಲು ಗಂಟೆ ಕಾಫಿ. 11.45ರಿಂದ 1.15ರವರೆಗೆ ಇನ್ನು ಮೂರು. ಊಟ. 2ರಿಂದ 3ರವರೆಗೆ ಎರಡು. ಒಟ್ಟು ಒಂದು ಕೋಣೆಗೆ ಎಂಟು ಸ್ಲಾಟ್. ಆದರೆ ಹೆಸರು ಹಾಕುವುದು ಏಳಕ್ಕೆ ಮಾತ್ರ. ಊಟಕ್ಕೆ ಮುಂಚಿನ 12.45ರ ಸ್ಲಾಟನ್ನು ಖಾಲಿ ಬಿಡಿ. ಬಸ್ಸು ತಡವಾಗಿ ಬಂದವರು, ಒಂದು ಕೋಣೆಯಲ್ಲಿ ಮಾತು ಎಳೆದದ್ದು, ಹತ್ತು ನಿಮಿಷ ಕರೆಂಟ್ ಹೋದದ್ದು, ಎಲ್ಲವೂ ಆ ಖಾಲಿ ಜಾಗಕ್ಕೆ ಹೋಗುತ್ತವೆ. ಏನೂ ಆಗಲಿಲ್ಲ ಅಂದರೆ ಸ್ವಯಂಸೇವಕರು ಅರ್ಧ ಗಂಟೆ ಬೇಗ ಊಟಕ್ಕೆ ಏಳುತ್ತಾರೆ, ನಷ್ಟವಿಲ್ಲ. ನಾಲ್ಕು ಕೋಣೆಗೆ ಏಳೇಳು ಅಂದರೆ ಒಂದು ದಿನಕ್ಕೆ 28 ಮಕ್ಕಳು. ತರಗತಿಯಲ್ಲಿ ಐವತ್ತು ಮಂದಿ ಇದ್ದರೆ ಎರಡು ಶನಿವಾರ ಬೇಕು. ಒಂದೇ ದಿನದಲ್ಲಿ ಐವತ್ತು ಜನರನ್ನು ಮುಗಿಸಬೇಡಿ. ಏಳನೆಯವರ ಹೊತ್ತಿಗೇ ಕೇಳುವವರ ಗಮನ ಕುಗ್ಗಿರುತ್ತದೆ, ಅದಕ್ಕೇ ಮಧ್ಯಾಹ್ನ ಎರಡೇ ಸ್ಲಾಟ್ ಇಟ್ಟದ್ದು.

ಯಾರಿಗೆ ಯಾವ ಹೊತ್ತು ಎಂಬುದನ್ನು ಹಾಜರಿ ಪುಸ್ತಕದ ಕ್ರಮದಲ್ಲಿ ಹಂಚಬಾರದು. ಬಸ್ಸಿನ ಕ್ರಮದಲ್ಲಿ ಹಂಚಬೇಕು. ಕಾಲೇಜು ಮಡಿಕೇರಿಯಲ್ಲಿದ್ದರೆ ಪಟ್ಟಣದ ಮಕ್ಕಳಿಗೆ, ಹಾಸ್ಟೆಲಿನವರಿಗೆ 10 ಗಂಟೆಯ ಮತ್ತು 2.30ರ ಸ್ಲಾಟ್ ಕೊಡಿ. ಭಾಗಮಂಡಲ, ನಾಪೋಕ್ಲು, ಸೋಮವಾರಪೇಟೆ ಕಡೆಯಿಂದ ಬರುವವರಿಗೆ 11ರಿಂದ 12.15ರ ನಡುವಿನದು ಕೊಡಿ. ರಜೆ ದಿನ ಒಳಊರುಗಳಿಗೆ ಬಸ್ಸು ಕಡಿಮೆ. ಬಸ್ಸಿಳಿದು ಓಡಿ ಬಂದು ಏದುಸಿರು ಬಿಡುತ್ತಾ ಕೂತವರ ಮೊದಲ ಐದು ನಿಮಿಷ ಹಾಳಾಗುತ್ತದೆ. ಸಂಜೆಯ ಬಸ್ಸಿನ ಚಿಂತೆಯಲ್ಲಿ ಕೂತವರ ಕೊನೆಯ ಐದು ನಿಮಿಷ ಹಾಳಾಗುತ್ತದೆ.

ಸ್ಲಾಟ್ ಬರೆಸಿಕೊಳ್ಳುವುದಕ್ಕೆ ಗೂಗಲ್ ಫಾರ್ಮ್ ಕಳಿಸುವವರಿದ್ದಾರೆ. ಫಾರ್ಮ್ ತಾನಾಗಿ ಯಾವ ಸ್ಲಾಟನ್ನೂ ಮುಚ್ಚುವುದಿಲ್ಲ, ಒಂದೇ ಹೊತ್ತಿಗೆ ಹತ್ತು ಜನ ಟಿಕ್ ಮಾಡಿದರೂ ತೆಗೆದುಕೊಳ್ಳುತ್ತದೆ. ಫಾರ್ಮಿನಲ್ಲಿ ಊರು, ಬಸ್ಸಿನ ಹೊತ್ತು, ಹೋಗಬೇಕೆಂದಿರುವ ಕೆಲಸ ಇಷ್ಟನ್ನೇ ಕೇಳಿ. ಹಂಚುವುದನ್ನು ನೀವೇ ಒಂದು ಶೀಟಿನಲ್ಲಿ ಮಾಡಿ. ಎ ಕಾಲಮಿನಲ್ಲಿ ಹೆಸರು, ಬಿಯಲ್ಲಿ ಕೋಣೆ, ಸಿಯಲ್ಲಿ ಹೊತ್ತು. ಡಿ ಕಾಲಮಿನ ಎರಡನೇ ಸಾಲಿನಲ್ಲಿ ಈ ಸೂತ್ರ ಹಾಕಿ ಕೆಳಗೆ ಎಳೆಯಿರಿ:

```
=COUNTIFS(B:B,B2,C:C,C2)>1
```

TRUE ಎಂದು ಬಂದ ಸಾಲಿನಲ್ಲಿ ಒಂದೇ ಕೋಣೆ, ಒಂದೇ ಹೊತ್ತಿಗೆ ಇಬ್ಬರ ಹೆಸರು ಬಿದ್ದಿದೆ ಎಂದರ್ಥ. ಹೊತ್ತನ್ನು ಎಲ್ಲ ಸಾಲಿನಲ್ಲೂ ಒಂದೇ ರೀತಿ ಬರೆದಿರಬೇಕು. ಒಂದು ಕಡೆ 10.30, ಇನ್ನೊಂದು ಕಡೆ 10:30 ಎಂದಿದ್ದರೆ ಸೂತ್ರಕ್ಕೆ ಅವು ಬೇರೆ ಬೇರೆ. ಪಟ್ಟಿಯನ್ನು ಗ್ರೂಪಿಗೆ ಹಾಕುವುದರ ಜೊತೆಗೆ ನೋಟಿಸ್ ಬೋರ್ಡಿಗೂ ಅಂಟಿಸಿ. ಮನೆಯಲ್ಲಿ ನೆಟ್‌ವರ್ಕ್ ಇಲ್ಲದವರು ನಮ್ಮಲ್ಲಿ ಪ್ರತಿ ತರಗತಿಯಲ್ಲೂ ಇರುತ್ತಾರೆ.

ಬೆಂಗಳೂರಿನಿಂದ ಬರಲಾಗದ ಸಾಫ್ಟ್‌ವೇರಿನವರಿಗೆ ಆನ್‌ಲೈನ್ ಕೋಣೆ ಮಾಡಬಹುದು. ಆದರೆ ವಿದ್ಯಾರ್ಥಿ ಮನೆಯಿಂದ ಸೇರುವುದು ಬೇಡ. ಕಾಲೇಜಿನ ಲ್ಯಾಬಿಗೇ ಬರಲಿ, ಯುಪಿಎಸ್ ಇರುವ ಕಂಪ್ಯೂಟರಿನಲ್ಲಿ ಕೂರಲಿ. ಪಕ್ಕದಲ್ಲಿ ಕೋಶದ ಒಂದು ಫೋನ್ ಇರಲಿ. ಮೀಟ್ ಕಡಿದುಹೋಗಿ ಎರಡು ನಿಮಿಷದಲ್ಲಿ ಸರಿಯಾಗದಿದ್ದರೆ ಫೋನ್ ಕರೆಯಲ್ಲೇ ಮುಂದುವರಿಸುವುದು ಅಂತ ಇಬ್ಬರಿಗೂ ಮೊದಲೇ ಹೇಳಿಬಿಡಿ.

ರೆಸ್ಯೂಮೆ: ಒಂದು ಪುಟ, ಕೇಳಿದರೆ ಹೇಳಬಲ್ಲ ಸಂಗತಿಗಳು

ಇಲ್ಲಿಂದ ಮುಂದೆ ವಿದ್ಯಾರ್ಥಿಗಳಿಗೆ.

ಹತ್ತು ದಿನ ಮುಂಚೆ ರೆಸ್ಯೂಮೆ ಕೋಶಕ್ಕೆ ಕೊಡಬೇಕು. ಸೀನಿಯರ್ ಕೊಟ್ಟ ಫೈಲಿನಲ್ಲಿ ಹೆಸರು ಬದಲಿಸಿ ಕೊಟ್ಟರೆ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ, ಯಾಕೆಂದರೆ ಅದೇ ದಿನ ಇನ್ನೂ ಆರು ಜನರದ್ದು ಹಾಗೇ ಇರುತ್ತದೆ. ಹಾಬಿ: ಹಾಡು ಕೇಳುವುದು. ಸ್ಟ್ರೆಂತ್: ಹಾರ್ಡ್ ವರ್ಕಿಂಗ್. ಇದರಲ್ಲಿ ಮುಂದಿನ ಪ್ರಶ್ನೆಗೆ ದಾರಿಯೇ ಇಲ್ಲ. ದಾರಿ ಇಲ್ಲದಿದ್ದರೆ ಇಂಟರ್‌ವ್ಯೂ ಮಾಡುವವರು ಪುಸ್ತಕದ ಪ್ರಶ್ನೆಗೆ ಹೋಗುತ್ತಾರೆ, ಅಲ್ಲಿ ನೀವು ಸಿಕ್ಕಿಬೀಳುತ್ತೀರಿ.

ಪ್ರತಿ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ಮೂರು ಪ್ರಶ್ನೆ ಬರೆಯಿರಿ: ಏನು ಮಾಡಿದೆ, ಹೇಗೆ ಮಾಡಿದೆ, ತಪ್ಪಾದಾಗ ಹೇಗೆ ಗೊತ್ತಾಯಿತು. ಮೂರಕ್ಕೂ ಉತ್ತರ ಹೇಳಲಾಗದ ಸಾಲನ್ನು ಹೊಡೆದುಹಾಕಿ. ‘ಟ್ಯಾಲಿ ಬರುತ್ತದೆ’ ಎಂದು ಬರೆದು, ಒಂದು ಖರೀದಿ ವೋಚರ್ ಹಾಕುವುದು ಹೇಗೆ ಎಂದರೆ ತಲೆ ತಗ್ಗಿಸುವುದಕ್ಕಿಂತ ಆ ಸಾಲು ಇಲ್ಲದಿರುವುದೇ ವಾಸಿ.

‘ನಿಮ್ಮ ಬಗ್ಗೆ ಹೇಳಿ’: ಒಂದು ಉದಾಹರಣೆ

ಎಲ್ಲ ಇಂಟರ್‌ವ್ಯೂಗಳೂ ಇಲ್ಲಿಂದಲೇ ಶುರು. ನಾಪೋಕ್ಲು ಕಡೆಯ ಒಬ್ಬ ಬಿಕಾಂ ವಿದ್ಯಾರ್ಥಿನಿ ಎಂದಿಟ್ಟುಕೊಳ್ಳಿ. ಬ್ಯಾಂಕ್ ಅಥವಾ ಅಕೌಂಟ್ಸ್ ಕೆಲಸಕ್ಕೆ ಹೋಗಬೇಕು ಎಂಬ ಆಸೆ. ಅವಳ ಮೊದಲ ಉತ್ತರ ಹೀಗಿರುತ್ತದೆ: ಮೈಸೆಲ್ಫ್ ಇಂಥವಳು, ಫ್ರಮ್ ಇಂಥ ಊರು, ಮೈ ಫಾದರ್ ಈಸ್ ಎ ಪ್ಲಾಂಟರ್, ಮೈ ಮದರ್ ಈಸ್ ಎ ಹೌಸ್‌ವೈಫ್, ಐ ಹ್ಯಾವ್ ಒನ್ ಬ್ರದರ್. ಮೂವತ್ತು ಸೆಕೆಂಡಿಗೆ ಮುಗಿಯಿತು. ಕೇಳಿದವರಿಗೆ ಅವಳ ಮನೆ ಗೊತ್ತಾಯಿತು, ಅವಳು ಗೊತ್ತಾಗಲಿಲ್ಲ.

ಮನೆಯಲ್ಲಿ ಏನು ಕೆಲಸ ಮಾಡುತ್ತೀಯ ಅಂತ ಸ್ವಲ್ಪ ಕೆದಕಿದರೆ ಅವಳು ಹೇಳುತ್ತಾಳೆ: ‘ಕುಯ್ಲಿನಲ್ಲಿ ಕೆಲಸಗಾರರ ಲೆಕ್ಕ ನಾನೇ ಬರೆಯೋದು ಮೇಡಂ, ನಮ್ಮಲ್ಲಿ ರೈಟರ್ ಇಲ್ಲ.’ ಇದೇ ನೋಡಿ ಬೇಕಾದದ್ದು. ಇದನ್ನು ಅವಳು ರೆಸ್ಯೂಮೆಯಲ್ಲಿ ಬರೆದೇ ಇರುವುದಿಲ್ಲ, ಮನೆ ಕೆಲಸ ಅಲ್ವಾ ಅಂತ.

ಈಗ ಅದಕ್ಕೆ ಮೂರು ಪ್ರಶ್ನೆ ಹಾಕೋಣ.

ಏನು ಮಾಡಿದೆ? ಕುಯ್ಲಿನ ಕಾಲದಲ್ಲಿ ಪ್ರತಿ ಸಂಜೆ ಒಬ್ಬೊಬ್ಬರು ಕುಯ್ದ ಹಣ್ಣಿನ ತೂಕ ಬರೆಯುವುದು, ವಾರದ ಕೊನೆಗೆ ಬಟವಾಡೆ ಲೆಕ್ಕ ಮಾಡುವುದು.

ಹೇಗೆ ಮಾಡಿದೆ? ಕೆಜಿಗೆ 5 ರೂಪಾಯಿ ಎಂದಿಟ್ಟುಕೊಂಡರೆ, ಒಬ್ಬರು ವಾರದಲ್ಲಿ 410 ಕೆಜಿ ಕುಯ್ದರೆ 2,050 ರೂಪಾಯಿ. ಅವರು 500 ಮುಂಗಡ ತೆಗೆದುಕೊಂಡಿದ್ದರೆ ಅದನ್ನು ಮುರಿದು ಕೈಗೆ 1,550. ಹೆಸರು, ತೂಕ, ಮುಂಗಡ, ಕೊಟ್ಟದ್ದು, ಸಹಿ, ಹೀಗೆ ಐದು ಕಾಲಮ್.

ತಪ್ಪಾದಾಗ ಹೇಗೆ ಗೊತ್ತಾಯಿತು? ಒಂದು ದಿನ ಮೂವರ ತೂಕ 62, 48, 75, ಕೂಡಿದರೆ 185 ಕೆಜಿ. ಕಣಕ್ಕೆ ಸುರಿಯುವಾಗ ಅಪ್ಪ ಮತ್ತೆ ತೂಗಿದರೆ 182. ಮೂರು ಚೀಲ, ಮೂರು ಕೆಜಿ ವ್ಯತ್ಯಾಸ. ಚೀಲದ ತೂಕ ಕಳೆಯದೆ ಬರೆದದ್ದು ಅಲ್ಲಿ ಸಿಕ್ಕಿತು. ಆಮೇಲೆ ದಿನದ ಒಟ್ಟು ಮೊತ್ತವನ್ನು ಕಣದ ತೂಕದ ಜೊತೆ ತಾಳೆ ನೋಡುವುದು ರೂಢಿಯಾಯಿತು.

ಇದು ಹುಡುಗಿ ದಿನವೂ ಮಾಡುವ ಕೆಲಸ. ಆದರೆ ಅಕೌಂಟ್ಸ್ ಕಡೆಯವರ ಕಿವಿಗೆ ಇದು ವೇತನ ಪಟ್ಟಿ, ಮುಂಗಡ ಹೊಂದಾಣಿಕೆ, ಎರಡು ಕಡೆಯ ಲೆಕ್ಕ ತಾಳೆ ಮಾಡುವುದು ಎಂದು ಕೇಳಿಸುತ್ತದೆ. ಹಾಗಾಗಿ ಅವಳ ಉತ್ತರದ ಕ್ರಮ ಬದಲಾಗಬೇಕು: ಹೆಸರು, ಓದು ಒಂದು ವಾಕ್ಯ. ಮಾಡಿದ ಕೆಲಸ ನಾಲ್ಕು ವಾಕ್ಯ. ಈ ಕೆಲಸ ಯಾಕೆ ಬೇಕು ಎಂಬುದು ಒಂದು ವಾಕ್ಯ. ಒಂದು, ಒಂದೂವರೆ ನಿಮಿಷ. ಅಪ್ಪ, ಅಮ್ಮ, ಅಣ್ಣನ ವಿಷಯ ಅವರು ಕೇಳಿದರೆ ಮಾತ್ರ.

ಇಷ್ಟು ಹೇಳಿದ ಮೇಲೆ ಇಂಟರ್‌ವ್ಯೂ ಮಾಡುವವರು ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ಮೊದಲೇ ಊಹಿಸಬಹುದು. ಒಬ್ಬ ಬ್ಯಾಂಕಿನವರು ಕೇಳುತ್ತಾರೆ: ‘ಕೊಟ್ಟ ಮುಂಗಡ ಇನ್ನೂ ಮುರಿದಿಲ್ಲ, ವರ್ಷ ಮುಗಿಯಿತು. ಬ್ಯಾಲೆನ್ಸ್ ಶೀಟಿನಲ್ಲಿ ಎಲ್ಲಿ ತೋರಿಸ್ತೀರಿ?’ ಪುಸ್ತಕದಲ್ಲಿ ಕಲಿತದ್ದು ಅವಳ ತಲೆಯಲ್ಲಿ ಇದೆ, ಅದು ಆಸ್ತಿ ಕಡೆ ಬರುತ್ತದೆ, ಯಾಕೆಂದರೆ ಆ ದುಡ್ಡು ನಮಗೆ ಬರಬೇಕಾದದ್ದು. ಆದರೆ ಮನೆಯ ನೋಟ್‌ಬುಕ್ಕಿಗೂ ಕಾಲೇಜಿನ ಪುಸ್ತಕಕ್ಕೂ ಸಂಬಂಧ ಇದೆ ಎಂದು ಅವಳು ಮೊದಲೇ ಯೋಚಿಸಿರದಿದ್ದರೆ ಆ ಹೊತ್ತಿಗೆ ಬಾಯಿ ಕಟ್ಟುತ್ತದೆ. ತಯಾರಿ ಅಂದರೆ ಈ ಸಂಬಂಧ ಹುಡುಕುವುದು. ನೂರು ಪ್ರಶ್ನೆಗಳ ಪಿಡಿಎಫ್ ಉರು ಹೊಡೆದರೆ ಇದು ಸಿಗುವುದಿಲ್ಲ.

ತೋಟ ಇಲ್ಲದವರಿಗೂ ಇದೇ ದಾರಿ. ರಜೆಯಲ್ಲಿ ಹೋಂಸ್ಟೇ ಬುಕಿಂಗ್ ನೋಡಿಕೊಂಡವರು, ಮೆಡಿಕಲ್ ಶಾಪಿನಲ್ಲಿ ಸ್ಟಾಕ್ ಬರೆದವರು, ಹಾಕಿ ಪಂದ್ಯಾವಳಿಗೆ ಊರಿನವರಿಂದ ದುಡ್ಡು ಎತ್ತಿ ಲೆಕ್ಕ ಕೊಟ್ಟವರು. ಒಂದೇ ಒಂದು ಕೆಲಸ ಸಾಕು, ಅದನ್ನು ಪೂರ್ತಿ ಬಿಡಿಸಿ ಹೇಳಲು ಬರಬೇಕು.

ಇಂಗ್ಲಿಷ್ ವಿಷಯ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ, ಶಾಲೆಯಲ್ಲಿ ಕನ್ನಡ, ಇಂಟರ್‌ವ್ಯೂ ಇಂಗ್ಲಿಷಿನಲ್ಲಿ. ಭಯ ಸಹಜ. ಮೊದಲು ನಿಮಗೆ ಸಲೀಸಾದ ಭಾಷೆಯಲ್ಲಿ ಕೆಲಸದ ಕಥೆಯನ್ನು ಒಬ್ಬ ಗೆಳತಿಗೆ ಹೇಳಿ. ಅವಳಿಗೆ ಅರ್ಥವಾಗದ ಜಾಗ ಯಾವುದೆಂದು ಕೇಳಿ ಸರಿಮಾಡಿ. ಆಮೇಲೆ ಅದನ್ನೇ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ‘ಮೈಸೆಲ್ಫ್’ ಬಿಟ್ಟು ‘ಐ ಆಮ್’ ಎಂದು ಶುರು ಮಾಡಿ. ಬರೆದು ಬಾಯಿಪಾಠ ಮಾಡಬೇಡಿ. ಒಂದು ಪದ ಮರೆತರೆ ಪೂರ್ತಿ ನಿಂತುಹೋಗುತ್ತದೆ. ಪದ ಸಿಗದಿದ್ದರೆ ‘ಮೇ ಐ ಸೇ ಇಟ್ ಇನ್ ಕನ್ನಡ?’ ಎಂದು ಕೇಳಿ ಒಂದು ವಾಕ್ಯ ಹೇಳಿ ಮತ್ತೆ ಇಂಗ್ಲಿಷಿಗೆ ಬನ್ನಿ. ಎಲ್ಲ ಕಂಪನಿಯವರೂ ಒಪ್ಪುತ್ತಾರೆ ಎನ್ನಲಾಗದು, ಆದರೆ ಸುಮ್ಮನೆ ಕೂರುವುದಕ್ಕಿಂತ ಎಷ್ಟೋ ಮೇಲು.

ಗೊತ್ತಿಲ್ಲದ್ದನ್ನು ಕೇಳಿದಾಗ ‘ನನಗೆ ಗೊತ್ತಿಲ್ಲ’ ಎಂದಷ್ಟೇ ಹೇಳಿ ನಿಲ್ಲಿಸಬೇಡಿ. ಅದಕ್ಕೆ ಹತ್ತಿರದ ಏನು ಗೊತ್ತು ಎಂಬುದನ್ನು ಒಂದು ವಾಕ್ಯದಲ್ಲಿ ಸೇರಿಸಿ. ಜಿಎಸ್‌ಟಿ ರಿಟರ್ನ್ ತುಂಬಿಸಿಲ್ಲ, ಬಿಲ್ಲಿನಲ್ಲಿ ತೆರಿಗೆ ಲೆಕ್ಕ ಹಾಕುವುದು ಬರುತ್ತದೆ, ಎನ್ನುವ ಹಾಗೆ.

ಬಟ್ಟೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇಸ್ತ್ರಿ ಮಾಡಿದ ಸಾಧಾರಣ ಬಟ್ಟೆ ಸಾಕು. ಮಾಕ್ ಇಂಟರ್‌ವ್ಯೂಗೆಂದು ಹೊಸ ಬಟ್ಟೆ ಕೊಳ್ಳಬೇಡಿ.

ಆ ದಿನ

ಇಲ್ಲಿಂದ ಮತ್ತೆ ಕೋಶದವರಿಗೆ. ಪ್ರತಿ ಕೋಣೆಯ ಹೊರಗೆ ಎರಡನೇ ವರ್ಷದ ಒಬ್ಬ ವಿದ್ಯಾರ್ಥಿ ಗಡಿಯಾರ ಹಿಡಿದು ಕೂರಬೇಕು. ಹದಿಮೂರನೇ ನಿಮಿಷಕ್ಕೆ ಬಾಗಿಲು ಒಂದು ಸಲ ತಟ್ಟುವುದು, ಅಂದರೆ ಎರಡು ನಿಮಿಷದಲ್ಲಿ ಪ್ರಶ್ನೆ ಮುಗಿಸಿ. ಇಪ್ಪತ್ತೈದಕ್ಕೆ ಎರಡು ಸಲ ತಟ್ಟುವುದು, ವಿದ್ಯಾರ್ಥಿ ಹೊರಗೆ ಬರಬೇಕು. ದೊಡ್ಡವರ ಮಾತಿನ ಮಧ್ಯೆ ತಟ್ಟುವುದಕ್ಕೆ ಆ ಹುಡುಗರಿಗೆ ಸಂಕೋಚ ಆಗುತ್ತದೆ. ಹಾಗಾಗಿ ಬೆಳಿಗ್ಗೆ ಸ್ವಯಂಸೇವಕರ ಎದುರಿಗೇ ‘ಇವರು ತಟ್ಟುತ್ತಾರೆ, ದಯವಿಟ್ಟು ನಿಲ್ಲಿಸಿ’ ಎಂದು ಹೇಳಿಬಿಡಿ. ಮುಂದಿನ ವರ್ಷ ಒಳಗೆ ಕೂರುವವರು ಇವರೇ, ಹೊರಗೆ ಕೂತು ನೋಡಿದ್ದೂ ಅವರಿಗೆ ಪಾಠ.

ಫೀಡ್‌ಬ್ಯಾಕ್ ಹಾಳೆಯಲ್ಲಿ ಅಂಕ ಬೇಡ. ಹತ್ತಕ್ಕೆ ಇಷ್ಟು ಎಂದು ಕೇಳಿದರೆ ಎಲ್ಲರಿಗೂ ಏಳು ಬೀಳುತ್ತದೆ. ಏಳು ಬಿದ್ದವರಿಗೆ ಖುಷಿ, ಆದರೆ ತಿದ್ದಿಕೊಳ್ಳುವುದಕ್ಕೆ ಏನೂ ಸಿಗುವುದಿಲ್ಲ. ಅರ್ಧ ಹಾಳೆ, ಮೂರು ಸಾಲು: ಚೆನ್ನಾಗಿ ಹೇಳಿದ ಒಂದು ಉತ್ತರ, ಅವರದೇ ಮಾತಿನಲ್ಲಿ. ಕೆಟ್ಟ ಒಂದು ಉತ್ತರ, ಎಲ್ಲಿ ಕೆಟ್ಟಿತು ಎಂಬುದು. ಮುಂದಿನ ಸಲಕ್ಕೆ ಅಭ್ಯಾಸ ಮಾಡಬೇಕಾದ ಒಂದು ಪ್ರಶ್ನೆ.

ನಮ್ಮ ಉದಾಹರಣೆಯ ಹುಡುಗಿಯ ಹಾಳೆ ಹೀಗೆ ಬಂದರೆ ಕೆಲಸ ಆಯಿತು ಎನ್ನಬಹುದು: ‘ಚೀಲದ ತೂಕದ ಸಂಗತಿ ಸ್ಪಷ್ಟವಾಗಿ ಹೇಳಿದಳು. ಮುಂಗಡದ ಪ್ರಶ್ನೆಗೆ ಆಸ್ತಿ ಎಂದಳು, ಯಾಕೆ ಎಂದಾಗ ಸುಮ್ಮನಾದಳು. ಅಭ್ಯಾಸ: ಬರಬೇಕಾದದ್ದು, ಕೊಡಬೇಕಾದದ್ದು ಎರಡಕ್ಕೂ ತೋಟದ ಲೆಕ್ಕದಿಂದಲೇ ಒಂದೊಂದು ಉದಾಹರಣೆ.’ ‘ಕಮ್ಯುನಿಕೇಷನ್ ಇಂಪ್ರೂವ್ ಮಾಡಬೇಕು’ ಎಂದಷ್ಟೇ ಬರೆದ ಹಾಳೆ ಬಂದರೆ ಕಾಫಿ ಬಿಡುವಿನಲ್ಲೇ ಆ ಸ್ವಯಂಸೇವಕರ ಹತ್ತಿರ ಹೋಗಿ, ಯಾವ ಉತ್ತರದಲ್ಲಿ ಹಾಗನ್ನಿಸಿತು ಸರ್ ಎಂದು ಕೇಳಿ, ಅವರು ಹೇಳಿದ್ದನ್ನು ನೀವೇ ಬರೆದುಕೊಳ್ಳಿ. ಅದಕ್ಕೇ ಮೊದಲ ಮೂರು ಸ್ಲಾಟ್ ಆದ ಕೂಡಲೇ ಹಾಳೆಗಳ ಮೇಲೆ ಒಮ್ಮೆ ಕಣ್ಣಾಡಿಸಬೇಕು. ಸಂಜೆ ನೋಡಿದರೆ ತಿದ್ದಲು ಬರುವುದಿಲ್ಲ.

ಫೀಡ್‌ಬ್ಯಾಕಿನ ಹತ್ತು ನಿಮಿಷದಲ್ಲಿ ವಿದ್ಯಾರ್ಥಿ ಕೆಟ್ಟ ಉತ್ತರವನ್ನು ಅಲ್ಲೇ ಇನ್ನೊಮ್ಮೆ ಹೇಳಬೇಕು. ಇದನ್ನು ಸೂಚನಾ ಪುಟದಲ್ಲೂ ಬರೆಯಿರಿ. ಕೇಳಿಸಿಕೊಂಡು ತಲೆಯಾಡಿಸಿದರೆ ಗೇಟ್ ದಾಟುವ ಹೊತ್ತಿಗೆ ಮರೆತಿರುತ್ತದೆ. ಬಾಯಿಬಿಟ್ಟು ಒಂದು ಸಲ ಸರಿಯಾಗಿ ಹೇಳಿದ್ದು ಉಳಿಯುತ್ತದೆ.

ಕೆಲವರು ಅಳುತ್ತಾರೆ. ಒಳಗಲ್ಲ, ಹೊರಗೆ ಬಂದ ಮೇಲೆ. ಒಬ್ಬ ಮೇಡಂ ಕಾರಿಡಾರಿನಲ್ಲೇ ಇರಲಿ, ನೀರು ಕೊಟ್ಟು ಕೂರಿಸಿ ಹಾಳೆಯ ಮೊದಲ ಸಾಲನ್ನು ಓದಿ ಹೇಳಲಿ. ಚೆನ್ನಾಗಿ ಹೇಳಿದ ಉತ್ತರವನ್ನು ಹಾಳೆಯ ಮೊದಲ ಸಾಲಿಗೇ ಇಟ್ಟದ್ದು ಇದಕ್ಕೂ ಹೌದು.

ಮೂರು ಗಂಟೆಗೆ ಮುಗಿದ ಮೇಲೆ ಸ್ವಯಂಸೇವಕರನ್ನು ಅರ್ಧ ಗಂಟೆ ಒಟ್ಟಿಗೆ ಕೂರಿಸಿ. ಒಂದೇ ಪ್ರಶ್ನೆ ಕೇಳಿ: ಇವತ್ತು ಹೆಚ್ಚಿನವರು ಎಡವಿದ್ದು ಎಲ್ಲಿ? ನಾಲ್ವರೂ ಒಂದೇ ಜಾಗ ಹೇಳಿದರೆ, ಉದಾಹರಣೆಗೆ ಸವಕಳಿ ಲೆಕ್ಕವೋ ಎಕ್ಸೆಲ್ಲೋ, ಅದು ಮಕ್ಕಳ ಭಯಕ್ಕೆ ಸಂಬಂಧಿಸಿದ್ದಲ್ಲ. ತರಗತಿಯಲ್ಲಿ ಆ ಪಾಠ ಇನ್ನೊಮ್ಮೆ ಆಗಬೇಕು. ಇದನ್ನು ಸೋಮವಾರವೇ ಆ ವಿಷಯದ ಮೇಷ್ಟ್ರಿಗೆ ತಿಳಿಸಿ.

ಎರಡನೇ ಸುತ್ತು

ಹಾಳೆಯ ಒಂದು ಪ್ರತಿ ವಿದ್ಯಾರ್ಥಿಗೆ, ಒಂದು ಕೋಶಕ್ಕೆ. ಮಾರ್ಚ್‌ನಲ್ಲಿ ಎರಡನೇ ಸುತ್ತು ಇಡುವಾಗ ಬೇರೆ ಸ್ವಯಂಸೇವಕರ ಎದುರು ಕೂರಿಸಿ. ಅವರಿಗೆ ಹಳೇ ಹಾಳೆಯ ಮೂರನೇ ಸಾಲನ್ನು ಮಾತ್ರ ಕೊಡಿ, ಎರಡನೆಯದನ್ನು ಕೊಡಬೇಡಿ. ಹಿಂದೆ ಏನು ತಪ್ಪಿತು ಎಂದು ಗೊತ್ತಿದ್ದರೆ ಅವರು ಅದನ್ನೇ ಹುಡುಕುತ್ತಾ ಕೂರುತ್ತಾರೆ. ಅಭ್ಯಾಸಕ್ಕೆ ಕೊಟ್ಟ ಪ್ರಶ್ನೆಯನ್ನು ಮೊದಲ ಐದು ನಿಮಿಷದಲ್ಲಿ ಕೇಳಬೇಕು, ಉಳಿದದ್ದು ಅವರಿಷ್ಟ.

ಈ ಸುತ್ತಿಗೆ ಎಲ್ಲರೂ ಬರಬೇಕಿಲ್ಲ. ಅಷ್ಟರಲ್ಲಿ ಕೆಲವರಿಗೆ ಕೆಲಸ ಸಿಕ್ಕಿರುತ್ತದೆ, ಕೆಲವರು ಎಂಕಾಂ, ಬಿಎಡ್ ಎಂದು ತೀರ್ಮಾನಿಸಿರುತ್ತಾರೆ. ಮೊದಲ ಸುತ್ತಿಗೆ ಹೆಸರು ಕೊಟ್ಟು ಬಾರದೆ ಇದ್ದವರನ್ನು ಮಾತ್ರ ಒಬ್ಬೊಬ್ಬರನ್ನಾಗಿ ಕರೆದು ಮಾತಾಡಿಸಿ. ಹೆದರಿ ಬಾರದೆ ಇದ್ದವರೇ ಜಾಸ್ತಿ. ಅವರಿಗೆ ಸ್ವಯಂಸೇವಕರಿಗಿಂತ ಮೊದಲು ತಮ್ಮದೇ ವಿಭಾಗದ ಒಬ್ಬ ಮೇಷ್ಟ್ರ ಜೊತೆ, ಕನ್ನಡದಲ್ಲೇ, ಒಂದು ಸ್ಲಾಟ್ ಕೊಡಿ. ಅದೇ ಅರ್ಧ ಗಂಟೆ, ಅದೇ ಮೂರು ಸಾಲಿನ ಹಾಳೆ. ಆ ಹಾಳೆ ಕೈಗೆ ಬಂದ ಮೇಲೆ ಮಾರ್ಚ್ ಪಟ್ಟಿಯಲ್ಲಿ ಅವರ ಹೆಸರನ್ನು 11 ಗಂಟೆಯ ಸ್ಲಾಟಿಗೆ ಹಾಕಿ.